ಗ್ರೂಪಿನ ಉದ್ದ ಸಂದೇಶದಿಂದ ಸಣ್ಣ ಸುತ್ತೋಲೆ: ನಾನು ಮಾಡುವ ಕ್ರಮ

ಕಾಸರಗೋಡಿನ ಒಳಭಾಗದ ನಮ್ಮ ಊರಿನಲ್ಲಿ ಅಡಿಕೆ ಬೆಳೆಗಾರರ ಒಂದು ಸಣ್ಣ ಸಂಘವಿದೆ. ಅದರ ಕಾರ್ಯದರ್ಶಿ ಕೆಲಸವನ್ನು ನಾನು ನೋಡಿಕೊಳ್ಳುತ್ತೇನೆ. ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಇನ್ನೂರರ ಹತ್ತಿರ ಜನ ಇದ್ದಾರೆ. ಕೃಷಿ ಭವನದ ಸುದ್ದಿ, ಪಂಚಾಯತಿನ ಸುದ್ದಿ, ಹಾಲಿನ ಸೊಸೈಟಿಯ ಸುದ್ದಿ ಎಲ್ಲವೂ ಮೊದಲು ಅಲ್ಲಿಗೇ ಬರುತ್ತದೆ. ಮಲಯಾಳದಲ್ಲಿ ಕೇಳಿಸಿಕೊಂಡದ್ದನ್ನು ಯಾರಾದರೂ ಕನ್ನಡದಲ್ಲಿ ಉದ್ದಕ್ಕೆ ಬರೆದು ಹಾಕುತ್ತಾರೆ. ಅದನ್ನು ಸುತ್ತೋಲೆ ಮಾಡಿ ಗ್ರೂಪಿಗೂ ಸೊಸೈಟಿಯ ಬೋರ್ಡಿಗೂ ಹಾಕುವುದು ನನ್ನ ಕೆಲಸ. ನಮ್ಮ ಸುತ್ತೋಲೆಯಲ್ಲಿ ನಾಲ್ಕೇ ಭಾಗ: ವಿಷಯ, ದಿನಾಂಕ, ಯಾರಿಗೆ, ಏನು ಮಾಡಬೇಕು. ಈ ನಾಲ್ಕನ್ನು ಉದ್ದ ಸಂದೇಶದಿಂದ ಹೇಗೆ ತೆಗೆಯುತ್ತೇನೆ ಅಂತ ಒಂದೇ ಉದಾಹರಣೆ ಹಿಡಿದು ಹೇಳುತ್ತೇನೆ.

2025ರ ಮೇ 12, ಸೋಮವಾರ ರಾತ್ರಿ ನಮ್ಮ ಸಂಚಾಲಕರು ಹಾಕಿದ ಸಂದೇಶ ಇದು. ಹೆಸರುಗಳನ್ನು ಬಿಟ್ಟಿದ್ದೇನೆ, ಉಳಿದದ್ದು ಹೆಚ್ಚು ಕಡಿಮೆ ಹಾಗೆಯೇ ಇದೆ.

"ಆತ್ಮೀಯ ಸದಸ್ಯರೇ, ಎಲ್ಲರಿಗೂ ನಮಸ್ಕಾರ. ಮಳೆಗಾಲ ಹತ್ತಿರ ಬಂತು. ಕಳೆದ ವರ್ಷ ಕೊಳೆರೋಗದಿಂದ ನಮಗೆಲ್ಲ ಎಷ್ಟು ನಷ್ಟ ಆಯಿತು ಅಂತ ನಿಮಗೇ ಗೊತ್ತು. ಈ ಸಲ ಮೊದಲೇ ಎಚ್ಚರ ವಹಿಸಬೇಕು. ಇವತ್ತು ಕೃಷಿ ಭವನಕ್ಕೆ ಹೋಗಿದ್ದೆ. ಮೈಲುತುತ್ತಿಗೆ ಸಬ್ಸಿಡಿ ಉಂಟು ಅಂತ ಹೇಳಿದ್ದಾರೆ. ನಾಳೆಯಿಂದ ಅರ್ಜಿ ತೆಗೆದುಕೊಳ್ಳುತ್ತಾರೆ, ಬರುವ ಶುಕ್ರವಾರದ ತನಕ. ಆಧಾರ್, ಪಾಸ್ ಬುಕ್, ತೀರ್ವೆ ರಶೀದಿ ಬೇಕು. ಬೋರ್ಡೋ ದ್ರಾವಣ ಮಾಡುವಾಗ ಒಂದು ಕಿಲೋ ಮೈಲುತುತ್ತನ್ನು ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಟ್ಟ ಸುಣ್ಣವನ್ನು ಇನ್ನು ಐವತ್ತು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು, ಕಬ್ಬಿಣದ ಪಾತ್ರೆ ಬೇಡ. ಇದನ್ನು ತೋರಿಸಿಕೊಡಲು ಶನಿವಾರ ನಮ್ಮ ಸಂಘದ ಹಿಂದಿನ ತೋಟದಲ್ಲಿ ಪ್ರಾತ್ಯಕ್ಷಿಕೆ ಇಟ್ಟಿದ್ದಾರೆ, ಬೆಳಿಗ್ಗೆ ಎಲ್ಲರೂ ಬನ್ನಿ. ಮತ್ತೆ ಮೈಲುತುತ್ತಿನ ಬಿಲ್ಲು ಅರ್ಜಿ ಕೊಟ್ಟ ಮೇಲಿನದ್ದೇ ಆಗಬೇಕಂತೆ, ಹಳೆ ಬಿಲ್ಲು ನಡೆಯುವುದಿಲ್ಲ. ಮಣ್ಣು ಪರೀಕ್ಷೆಗೆ ಮಣ್ಣು ಕೊಡುವವರು ತಿಂಗಳ ಕೊನೆಯೊಳಗೆ ಕೊಟ್ಟರೆ ಸಾಕು. ಎಲ್ಲರೂ ಸಹಕರಿಸಬೇಕಾಗಿ ವಿನಂತಿ. ದಯವಿಟ್ಟು ಎಲ್ಲರಿಗೂ ಶೇರ್ ಮಾಡಿ."

ಸಂಚಾಲಕರು ಆ ದಿನ ತೋಟದ ಕೆಲಸ ಬಿಟ್ಟು ಹೋಗಿ, ಕೇಳಿ, ರಾತ್ರಿ ಕೂತು ಬರೆದದ್ದು ಇದು. ಇದರಲ್ಲಿ ಬೇಕಾದ್ದು ಬಹುಪಾಲು ಇದೆ. ಆದರೆ ಅವರು ಕೇಳಿದ ಕ್ರಮದಲ್ಲಿ, ನೆನಪಾದ ಕ್ರಮದಲ್ಲಿ ಇದೆ. ಓದುವವನಿಗೆ ಬೇಕಾದ ಕ್ರಮ ಬೇರೆ.

ಮೊದಲು ನಾನು ಮಾಡುವುದು ಕಾಯುವುದು. ಸಂದೇಶ ಬಿದ್ದ ಕೂಡಲೇ ಸುತ್ತೋಲೆ ಬರೆಯಲು ಕೂರುವುದಿಲ್ಲ, ಮರುದಿನ ಬೆಳಿಗ್ಗೆವರೆಗೆ ಬಿಡುತ್ತೇನೆ. ಅಷ್ಟರಲ್ಲಿ ಕೆಳಗೆ ಪ್ರಶ್ನೆಗಳು ಸಾಲು ಸಾಲು ಬಂದಿರುತ್ತವೆ. ಆ ಪ್ರಶ್ನೆಗಳೇ ನನಗೆ ಬೇಕಾದ ಸಾಮಾನು. ಮೂಲ ಸಂದೇಶದಲ್ಲಿ ಏನು ಇಲ್ಲ, ಏನು ಇದ್ದೂ ಕಾಣಿಸಲಿಲ್ಲ ಎರಡೂ ಅಲ್ಲಿ ಗೊತ್ತಾಗುತ್ತದೆ. ಆ ರಾತ್ರಿ ಬಂದದ್ದರಲ್ಲಿ 'ಒಳ್ಳೆಯದು' ಎಂಬ ಮಾತುಗಳನ್ನು, ಕೈಮುಗಿದ ಗುರುತುಗಳನ್ನು ಬಿಟ್ಟು ಪ್ರಶ್ನೆಗಳನ್ನು ಮಾತ್ರ ಒಂದು ಹಾಳೆಗೆ ಇಳಿಸಿಕೊಂಡೆ. ಬರುವ ಶುಕ್ರವಾರ ಅಂದರೆ ಈ ವಾರದ್ದಾ, ಮುಂದಿನ ವಾರದ್ದಾ? ತೀರ್ವೆ ರಶೀದಿ ಅಪ್ಪನ ಹೆಸರಿನಲ್ಲಿದೆ, ನಡೆಯುತ್ತದಾ? ಕಳೆದ ವರ್ಷ ಅರ್ಜಿ ಕೊಟ್ಟವರು ಪುನಃ ಕೊಡಬೇಕಾ? ಶನಿವಾರ ಎಷ್ಟು ಗಂಟೆಗೆ? ಎಷ್ಟು ಸಬ್ಸಿಡಿ ಸಿಗುತ್ತದೆ? ಒಬ್ಬರು ಏನೂ ಕೇಳದೆ ತಮ್ಮ ಆಧಾರ್ ಕಾರ್ಡಿನ ಫೋಟೋವನ್ನೇ ಗ್ರೂಪಿಗೆ ಹಾಕಿದ್ದರು. ಅರ್ಜಿಯನ್ನು ಗ್ರೂಪಿನಲ್ಲೇ ಕೊಡಬಹುದು ಅಂತ ಅವರಿಗೆ ಅನಿಸಿದೆ. ಸಂದೇಶದಲ್ಲಿ 'ಎಲ್ಲಿ ಕೊಡಬೇಕು' ಎಂಬುದು ನೇರವಾಗಿ ಇಲ್ಲ, ನೋಡಿ. ಕೃಷಿ ಭವನಕ್ಕೆ ಹೋಗಿದ್ದೆ ಅಂತ ಇದೆಯೇ ಹೊರತು ನೀವು ಅಲ್ಲಿಗೆ ಹೋಗಿ ಅಂತ ಇಲ್ಲ.

ಪ್ರಶ್ನೆಗಳ ನಡುವೆ ಉತ್ತರಗಳೂ ಇರುತ್ತವೆ, ಅಲ್ಲಿ ಜಾಗ್ರತೆ ಬೇಕು. "ಮುಂದಿನ ವಾರದ ಶುಕ್ರವಾರ ಇರಬೇಕು, ಇಷ್ಟು ಬೇಗ ಮುಗಿಸಲಿಕ್ಕಿಲ್ಲ" ಅಂತ ಒಬ್ಬರು ಬರೆದಿದ್ದರು. ಅದಕ್ಕೆ ನಾಲ್ಕು ಜನ ಹೆಬ್ಬೆರಳು ಒತ್ತಿದ್ದರು. ಗ್ರೂಪಿನಲ್ಲಿ ಊಹೆಗೆ ಹೀಗೆ ಹೆಬ್ಬೆರಳು ಬಿದ್ದರೆ ಅದು ಸುದ್ದಿಯ ಹಾಗೆ ಕಾಣುತ್ತದೆ. ನಾನು ಹಾಳೆಯಲ್ಲಿ ಉತ್ತರಗಳನ್ನು ಬರೆಯುವಾಗ ಪಕ್ಕದಲ್ಲಿ ಯಾರು ಹೇಳಿದ್ದು ಅಂತಲೂ ಬರೆಯುತ್ತೇನೆ. ಸಂಚಾಲಕರು ಅಥವಾ ಕೃಷಿ ಭವನದವರು ಹೇಳಿದ್ದಲ್ಲದಿದ್ದರೆ ಅದು ಪ್ರಶ್ನೆಯಾಗಿಯೇ ಉಳಿಯುತ್ತದೆ.

ಆಮೇಲೆ ಪೆನ್ನು ಹಿಡಿದು ಕೆಲಸ. ನಾನು ವಿಷಯದಿಂದ ಶುರು ಮಾಡುವುದಿಲ್ಲ, ಕೊನೆಯ ಭಾಗದಿಂದ ಶುರು ಮಾಡುತ್ತೇನೆ. ಸಂದೇಶದಲ್ಲಿ ಓದುವವನು ಮಾಡಬೇಕಾದ ಕೆಲಸ ಯಾವುದು ಅಂತ ಹುಡುಕುತ್ತೇನೆ. ಕೊಡಿ, ಬನ್ನಿ, ತನ್ನಿ, ಖರೀದಿಸಿ ಇಂಥ ಮಾತುಗಳ ಕೆಳಗೆ ಗೆರೆ ಎಳೆಯುತ್ತೇನೆ. ಇಲ್ಲಿ ಮೂರು ಕೆಲಸ ಸಿಕ್ಕಿತು: ಅರ್ಜಿ ಕೊಡುವುದು, ಪ್ರಾತ್ಯಕ್ಷಿಕೆಗೆ ಬರುವುದು, ಮಣ್ಣು ಕೊಡುವುದು. 'ಸಹಕರಿಸಬೇಕಾಗಿ ವಿನಂತಿ' ಎಂಬುದು ಕೆಲಸದ ಹಾಗೆ ಕಾಣುತ್ತದೆ. ಆದರೆ ನಾಳೆ ಬೆಳಿಗ್ಗೆ ಎದ್ದು ಅದನ್ನು ಹೇಗೆ ಮಾಡುವುದು ಅಂತ ಕೇಳಿದರೆ ಉತ್ತರವಿಲ್ಲ. ಅಂಥದ್ದಕ್ಕೆ ಗೆರೆ ಎಳೆಯುವುದಿಲ್ಲ.

ಹಾಳೆಯ ಮೇಲೆ ಆ ಮೂರು ಕೆಲಸವನ್ನು ಒಂದರ ಕೆಳಗೆ ಒಂದು ಬರೆದು, ಪ್ರತಿಯೊಂದರ ಎದುರು ಯಾರು ಮಾಡಬೇಕು, ಯಾವಾಗದ ಒಳಗೆ, ಎಲ್ಲಿ ಅಂತ ತುಂಬಿಸುತ್ತಾ ಹೋದೆ. ತುಂಬಿಸುವಾಗಲೇ ಗೊತ್ತಾಯಿತು, ಇದು ಒಂದು ಸುತ್ತೋಲೆ ಅಲ್ಲ, ಮೂರು. ಅರ್ಜಿ ಕೊಡಬೇಕಾದವರು ಸಬ್ಸಿಡಿ ಬೇಕಾದ ಅಡಿಕೆ ಬೆಳೆಗಾರರು, ಕೊನೆ ದಿನ ಶುಕ್ರವಾರ, ಜಾಗ ಕೃಷಿ ಭವನ. ಪ್ರಾತ್ಯಕ್ಷಿಕೆಗೆ ಯಾರೂ ಬರಬಹುದು, ಬರದಿದ್ದರೂ ಸಬ್ಸಿಡಿ ತಪ್ಪುವುದಿಲ್ಲ, ಜಾಗ ಸಂಘದ ತೋಟ. ಮಣ್ಣು ಕೊಡುವವರು ಬೇರೆಯೇ ಜನ, ಅದಕ್ಕೆ ತಿಂಗಳ ಕೊನೆವರೆಗೆ ಸಮಯ ಇದೆ. ಯಾರಿಗೆ ಎಂಬುದೂ ಯಾವಾಗ ಎಂಬುದೂ ಎರಡೂ ಬೇರೆ ಆದರೆ ನಾನು ಸುತ್ತೋಲೆಯನ್ನು ಒಡೆದೇ ಬಿಡುತ್ತೇನೆ. ಎರಡರಲ್ಲಿ ಒಂದು ಮಾತ್ರ ಬೇರೆ ಆದರೆ ಒಂದೇ ಸುತ್ತೋಲೆಯಲ್ಲಿ ಎರಡು ಸಾಲು ಮಾಡಿದರೆ ಸಾಕು.

ಒಡೆಯುವುದಕ್ಕೆ ಕಾರಣ ಇದೆ. ಮೂರೂ ಒಟ್ಟಿಗೆ ಇದ್ದರೆ ಜನ ಕೊನೆಯಲ್ಲಿ ಓದಿದ ತಾರೀಖನ್ನು ನೆನಪಿಟ್ಟುಕೊಳ್ಳುತ್ತಾರೆ. ಈ ಸಂದೇಶದಲ್ಲಿ ಕೊನೆಗೆ ಬರುವುದು 'ತಿಂಗಳ ಕೊನೆಯೊಳಗೆ ಕೊಟ್ಟರೆ ಸಾಕು'. ಅವಸರದ ಕೆಲಸದ ಮೇಲೆ ಅವಸರವಿಲ್ಲದ ತಾರೀಖು ಕೂತುಬಿಡುತ್ತದೆ. ಮಂಗಳವಾರ ಬೆಳಿಗ್ಗೆ ಸೊಸೈಟಿಗೆ ಹಾಲು ಕೊಡಲು ಬಂದ ಒಬ್ಬರು ಅಣ್ಣ, "ಅರ್ಜಿಗೆ ತಿಂಗಳ ಕೊನೆವರೆಗೆ ಉಂಟಲ್ಲ, ಅವಸರ ಇಲ್ಲ" ಅಂತ ಹೇಳುತ್ತಿದ್ದರು. ಸಂದೇಶವನ್ನು ಪೂರ್ತಿ ಓದಿದವರೇ ಅವರು.

ಬೋರ್ಡೋ ದ್ರಾವಣ ಮಾಡುವ ಕ್ರಮವನ್ನು ಏನು ಮಾಡಬೇಕು? ಅದು ಸರಿಯಾದ ಮಾಹಿತಿ. ನೂರು ಲೀಟರಿಗೆ ಒಂದೊಂದು ಕಿಲೋ ಅಂದರೆ ಶೇಕಡಾ ಒಂದರ ದ್ರಾವಣ, ನಾವೆಲ್ಲ ಅಡಿಕೆಗೆ ಬಿಡುವುದು ಅದನ್ನೇ. ಆದರೂ ಮೂರರಲ್ಲಿ ಯಾವ ಕೆಲಸ ಮಾಡಲಿಕ್ಕೂ ಅದು ಬೇಡ. ಅರ್ಜಿ ಕೊಡುವವನಿಗೆ ಅದು ಬೇಕಿಲ್ಲ, ಪ್ರಾತ್ಯಕ್ಷಿಕೆಗೆ ಬರುವವನಿಗೆ ಅಲ್ಲೇ ತೋರಿಸುತ್ತಾರೆ. ಹಾಗಾಗಿ ಸುತ್ತೋಲೆಯಿಂದ ತೆಗೆದೆ. ಇಂಥ ಒಳ್ಳೆಯ ಮಾಹಿತಿಯನ್ನು ಬಿಡುವುದು ಮನಸ್ಸಿಗೆ ಕಷ್ಟ, ಅದಕ್ಕೇ ಹೆಚ್ಚಿನ ಸುತ್ತೋಲೆಗಳು ಉದ್ದ ಆಗುವುದು. ಅದನ್ನು ಬಿಸಾಡಬೇಕಾಗಿಲ್ಲ. ಮೂಲ ಸಂದೇಶ ಗ್ರೂಪಿನಲ್ಲಿ ಇದ್ದೇ ಇದೆ, ಬೇಕಾದವರು ಓದಿಕೊಳ್ಳುತ್ತಾರೆ.

ಹಾಗೆ ತೆಗೆಯುತ್ತಾ ಹೋಗುವಾಗ ಒಂದು ಸಾಲಿನ ಹತ್ತಿರ ನಿಲ್ಲಬೇಕಾಯಿತು. 'ಮೈಲುತುತ್ತಿನ ಬಿಲ್ಲು ಅರ್ಜಿ ಕೊಟ್ಟ ಮೇಲಿನದ್ದೇ ಆಗಬೇಕಂತೆ.' ಇಡೀ ಸಂದೇಶದಲ್ಲಿ ಜನರ ಕೈಯಿಂದ ಹಣ ಹೋಗುವ ಸಾಲು ಇದೊಂದೇ. ಅರ್ಜಿ ಕೊಡುವ ಮೊದಲೇ ಅಂಗಡಿಯಿಂದ ತಂದುಬಿಟ್ಟರೆ ಆ ಬಿಲ್ಲಿಗೆ ಸಬ್ಸಿಡಿ ಇಲ್ಲ. ಇದು ಪ್ರಾತ್ಯಕ್ಷಿಕೆ ಮತ್ತು ಮಣ್ಣು ಪರೀಕ್ಷೆಯ ನಡುವೆ 'ಮತ್ತೆ' ಅಂತ ಶುರುವಾಗಿ ಬಂದಿದೆ. ಇದರ ಬಗ್ಗೆ ಗ್ರೂಪಿನಲ್ಲಿ ಒಬ್ಬರೂ ಪ್ರಶ್ನೆ ಕೇಳಿರಲಿಲ್ಲ. ಎಲ್ಲರಿಗೂ ಅರ್ಥವಾಗಿ ಕೇಳದೆ ಇದ್ದದ್ದಲ್ಲ, ಕಣ್ಣಿಗೇ ಬಿದ್ದಿರಲಿಲ್ಲ. ಉಳಿದ ಎಲ್ಲದಕ್ಕೂ ಪ್ರಶ್ನೆ ಬಂದು, ಒಂದು ಷರತ್ತಿಗೆ ಮಾತ್ರ ಪ್ರಶ್ನೆಯೇ ಬಾರದಿದ್ದರೆ ಅದನ್ನು ಯಾರೂ ಓದಿಲ್ಲ ಅಂತ ನಾನು ಲೆಕ್ಕ ಹಾಕುತ್ತೇನೆ. ಅಂಥ ಸಾಲು ಸುತ್ತೋಲೆಯಲ್ಲಿ ಮೇಲೆ ಬರಬೇಕು.

ಇನ್ನು ತಾರೀಖು. ಇವತ್ತು, ನಾಳೆ, ಬರುವ ಶುಕ್ರವಾರ, ತಿಂಗಳ ಕೊನೆ ಇವೆಲ್ಲ ಬರೆದ ಹೊತ್ತಿಗೆ ಮಾತ್ರ ಸರಿ. ಸೋಮವಾರ ರಾತ್ರಿಯ 'ನಾಳೆ'ಯನ್ನು ಮಂಗಳವಾರ ಬೆಳಿಗ್ಗೆ ಓದಿದವರಿಗೆ ಅದು ಬುಧವಾರ. ಅದನ್ನೇ ಇನ್ನೊಂದು ಗ್ರೂಪಿಗೆ ಗುರುವಾರ ಯಾರಾದರೂ ಕಳಿಸಿದರೆ ಅಲ್ಲಿನವರಿಗೆ ಬರುವ ಶುಕ್ರವಾರ ಯಾವುದು? ಸುತ್ತೋಲೆಯಲ್ಲಿ ನಾನು ಈ ಮಾತುಗಳನ್ನು ಪೂರ್ತಿ ತೆಗೆದು, ತಾರೀಖು ಮತ್ತು ವಾರ ಎರಡನ್ನೂ ಒಟ್ಟಿಗೆ ಬರೆಯುತ್ತೇನೆ. ಎರಡನ್ನೂ ಬರೆಯುವುದರಿಂದ ಒಂದು ಲಾಭ ಇದೆ. ತಾರೀಖು ತಪ್ಪಾಗಿದ್ದರೆ ವಾರದ ಜೊತೆ ಹೊಂದುವುದಿಲ್ಲ, ಕ್ಯಾಲೆಂಡರ್ ನೋಡಿದ ಕೂಡಲೇ ಸಿಕ್ಕಿಬೀಳುತ್ತದೆ. ಸುತ್ತೋಲೆ ಮುಗಿಸುವ ಮೊದಲು ಪ್ರತಿ ತಾರೀಖಿಗೂ ಕ್ಯಾಲೆಂಡರ್ ನೋಡುತ್ತೇನೆ. ಶನಿವಾರ ಬಂದರೆ ಅದು ಎರಡನೇ ಶನಿವಾರವಾ ಅಂತಲೂ ನೋಡಬೇಕು, ಕೇರಳದಲ್ಲಿ ಆ ದಿನ ಸರಕಾರಿ ಕಚೇರಿಗೆ ರಜೆ. ಆ ತಿಂಗಳು ಎರಡನೇ ಶನಿವಾರ 10ಕ್ಕೇ ಮುಗಿದಿತ್ತು, ಪ್ರಾತ್ಯಕ್ಷಿಕೆ ಇದ್ದ 17ಕ್ಕೆ ತೊಂದರೆ ಇರಲಿಲ್ಲ.

ದಿನಾಂಕ ಎಂಬ ಜಾಗದಲ್ಲಿ ಇನ್ನೊಂದು ಗೊಂದಲ ಇದೆ. ಸುತ್ತೋಲೆ ಬರೆದ ದಿನ ಒಂದು, ಕೆಲಸ ಮುಗಿಸಬೇಕಾದ ದಿನ ಇನ್ನೊಂದು. ಮೇಲೆ ಸುಮ್ನೆ 'ದಿನಾಂಕ' ಅಂತ ಒಂದೇ ತಾರೀಖು ಇದ್ದರೆ ಕೆಲವರು ಅದನ್ನೇ ಕಾರ್ಯಕ್ರಮದ ದಿನ ಅಂತ ತಿಳಿಯುತ್ತಾರೆ. ಅದಕ್ಕೆ ನಾನು 'ಹೊರಡಿಸಿದ ದಿನ' ಅಂತ ಬರೆಯುತ್ತೇನೆ, ಕೊನೆಯ ದಿನವನ್ನು ವಿಷಯದ ಸಾಲಿನಲ್ಲೇ ಇಡುತ್ತೇನೆ.

ಇಷ್ಟು ಆದ ಮೇಲೆ ಹಾಳೆಯಲ್ಲಿ ಖಾಲಿ ಉಳಿದ ಜಾಗಗಳನ್ನು ಕೇಳಿ ತಿಳಿದುಕೊಳ್ಳಬೇಕು. ಮಂಗಳವಾರ ಹತ್ತು ಗಂಟೆ ಕಳೆದ ಮೇಲೆ ಸಂಚಾಲಕರಿಗೆ ಫೋನ್ ಮಾಡಿ, ಅವರಿಗೆ ಗೊತ್ತಿಲ್ಲದ್ದನ್ನು ಕೃಷಿ ಭವನಕ್ಕೇ ಕೇಳಿದೆ. ಕೇಳುವಾಗಲೂ ಒಂದು ಕ್ರಮ ಇಟ್ಟುಕೊಂಡಿದ್ದೇನೆ. "ಕೊನೆಯ ದಿನ ಯಾವುದು?" ಅಂತ ಕೇಳಿದರೆ "ಶುಕ್ರವಾರ" ಅಂತಲೇ ಪುನಃ ಬರುತ್ತದೆ. "ಮೇ 16ರ ಶುಕ್ರವಾರ ಸಂಜೆ ಐದು ಗಂಟೆಗೆ ಬಂದರೂ ಅರ್ಜಿ ತೆಗೆದುಕೊಳ್ಳುತ್ತೀರಾ?" ಅಂತ ಕೇಳಿದೆ. "ಮೇ 16 ಸರಿ, ಆದರೆ ಮೂರು ಗಂಟೆಯೊಳಗೆ ಬರಲಿ, ಆಮೇಲೆ ಪಟ್ಟಿ ಮಾಡಲಿಕ್ಕಿದೆ" ಅಂದರು. ಮೂರು ಗಂಟೆಯ ವಿಷಯ ಎಲ್ಲೂ ಇರಲಿಲ್ಲ. ಪೂರ್ತಿ ವಾಕ್ಯ ಮಾಡಿ ಕೇಳಿದರೆ ಹೀಗೆ ಇಲ್ಲದ್ದೂ ಸಿಗುತ್ತದೆ.

ಉಳಿದದ್ದಕ್ಕೂ ಉತ್ತರ ಸಿಕ್ಕಿತು. ಕಳೆದ ವರ್ಷ ಕೊಟ್ಟವರೂ ಹೊಸ ಅರ್ಜಿ ಕೊಡಬೇಕು. ದಾಖಲೆಗಳ ಒಂದೊಂದು ಜೆರಾಕ್ಸ್ ಸಾಕು, ಆದರೆ ನೋಡಲು ಅಸಲು ಕೈಯಲ್ಲಿರಬೇಕು. ತೀರ್ವೆ ರಶೀದಿ ಈ ವರ್ಷದ್ದಾಗಬೇಕು. ರಶೀದಿ ತಂದೆಯ ಹೆಸರಿನಲ್ಲಿದ್ದರೆ ಏನು ಮಾಡಬೇಕು ಅಂದದ್ದಕ್ಕೆ, ಒಬ್ಬೊಬ್ಬರದ್ದು ಒಂದೊಂದು ರೀತಿ ಇರುತ್ತದೆ, ಅಂಥವರು ಮೊದಲೇ ಬಂದು ಕೇಳಲಿ ಅಂದರು. ಸಬ್ಸಿಡಿ ಎಷ್ಟು ಅಂತ ಇನ್ನೂ ನಿಶ್ಚಯ ಆಗಿರಲಿಲ್ಲ.

ಈ ಕೊನೆಯದ್ದರಲ್ಲಿ ಒಂದು ಆಕರ್ಷಣೆ ಇರುತ್ತದೆ. ಕಳೆದ ಸಲದ ಮೊತ್ತ ನನಗೆ ಗೊತ್ತಿತ್ತು, ಅದನ್ನು 'ಸುಮಾರು' ಅಂತ ಹಾಕಬಹುದಿತ್ತು. ಹಾಕಲಿಲ್ಲ. ಸುತ್ತೋಲೆಯಲ್ಲಿ ಸುಮಾರು ಅಂತ ಬಂದ ಮೊತ್ತದಿಂದ ಸುಮಾರು ಎಂಬ ಮಾತು ಮೊದಲ ಫಾರ್ವರ್ಡಿನಲ್ಲೇ ಬಿದ್ದುಹೋಗುತ್ತದೆ. ಹಾಗಂತ ಆ ಪ್ರಶ್ನೆಯನ್ನು ಮುಟ್ಟದೆ ಬಿಟ್ಟರೆ ಹತ್ತು ಜನ ಫೋನ್ ಮಾಡುತ್ತಾರೆ. 'ಮೊತ್ತ ಇನ್ನೂ ತಿಳಿಸಿಲ್ಲ' ಅಂತ ಒಂದು ಸಾಲು ಹಾಕಿದರೆ ಅಲ್ಲಿಗೆ ಮುಗಿಯುತ್ತದೆ.

'ಯಾರಿಗೆ' ಎಂಬ ಭಾಗಕ್ಕೆ ನಾನು ಜಾಸ್ತಿ ಹೊತ್ತು ಕೊಡುತ್ತೇನೆ. 'ಎಲ್ಲ ಸದಸ್ಯರಿಗೆ' ಅಂತ ಬರೆಯುವುದು ಸುಲಭ. ಆದರೆ ಹಾಗೆ ಬರೆದರೆ ಇದು ನನಗಾ ಅಲ್ಲವಾ ಅಂತ ತಿಳಿಯಲು ಪ್ರತಿಯೊಬ್ಬನೂ ಪೂರ್ತಿ ಓದಬೇಕಾಗುತ್ತದೆ. ಓದುವವನು ತನ್ನನ್ನು ತಾನೇ ಆ ಸಾಲಿನಲ್ಲಿ ಇಟ್ಟು ನೋಡುವ ಹಾಗೆ ಇರಬೇಕು. 'ಅರ್ಹ ಫಲಾನುಭವಿಗಳು' ಅಂದರೆ ಯಾರಿಗೂ ಗೊತ್ತಾಗುವುದಿಲ್ಲ, ನಾನು ಅರ್ಹನಾ ಅಂತ ಕೇಳಲು ಅವನು ನನಗೇ ಫೋನ್ ಮಾಡಬೇಕು. 'ನಮ್ಮ ಪಂಚಾಯತಿನಲ್ಲಿ ಅಡಿಕೆ ತೋಟ ಇದ್ದು, ಮೈಲುತುತ್ತಿಗೆ ಸಬ್ಸಿಡಿ ಬೇಕಾದವರು' ಅಂದರೆ ಮನೆಯಲ್ಲೇ ಕೂತು ತೀರ್ಮಾನಿಸಬಹುದು. ನಮ್ಮಲ್ಲಿ ಕೆಲವರ ಮನೆ ಒಂದು ಪಂಚಾಯತಿನಲ್ಲಿ, ತೋಟ ಪಕ್ಕದ ಪಂಚಾಯತಿನಲ್ಲಿ. ಅವರು ಎಲ್ಲಿ ಕೊಡಬೇಕು ಅಂತ ಇಲ್ಲೇ ಹೇಳಬೇಕು. ತೋಟ ಇರುವ ಕಡೆಯ ಕೃಷಿ ಭವನದಲ್ಲಿ ಅಂತ ಕೇಳಿ ಬರೆದುಕೊಂಡೆ. ಸಂದೇಹ ಬರಬಹುದಾದವರ ಹೆಸರೂ ಇಲ್ಲೇ ಬರಬೇಕು: ಕಳೆದ ವರ್ಷ ಕೊಟ್ಟವರೂ ಸೇರಿ.

ವಿಷಯದ ಸಾಲನ್ನು ಬರೆಯುವುದು ಎಲ್ಲ ಆದ ಮೇಲೆ. ಮೊದಲು ಕೈಗೆ ಬಂದದ್ದು 'ಮೈಲುತುತ್ತು ಸಬ್ಸಿಡಿಯ ಕುರಿತು'. ಇದರಲ್ಲಿ ಸುದ್ದಿ ಇಲ್ಲ. ಸಬ್ಸಿಡಿ ಬಂತಾ, ನಿಂತಿತಾ, ಮುಂದೆ ಹೋಯಿತಾ ಏನೂ ಗೊತ್ತಾಗುವುದಿಲ್ಲ. ಫೋನಿನ ಮೇಲ್ಗಡೆ ಸಂದೇಶ ಬಂತು ಅಂತ ತೋರಿಸುವಾಗ ಒಂದೆರಡು ಸಾಲು ಮಾತ್ರ ಕಾಣುತ್ತದೆ. ತೆರೆದರೂ ಉದ್ದ ಇದ್ದದ್ದನ್ನು ವಾಟ್ಸಾಪ್ ಮಡಚಿ ಇಡುತ್ತದೆ, ಉಳಿದದ್ದು ಓದಲು ಪುನಃ ಒತ್ತಬೇಕು. ಅಡಿಕೆ ಸುಲಿಯುತ್ತಾ ಫೋನ್ ನೋಡುವವರು ಅಷ್ಟು ಒತ್ತುವುದಿಲ್ಲ. ಹಾಗಾಗಿ ವಿಷಯದ ಸಾಲಿನಲ್ಲಿ ವಸ್ತು, ಕೆಲಸ, ಕೊನೆಯ ದಿನ ಮೂರೂ ಇರಲಿ ಅಂತ ನೋಡುತ್ತೇನೆ. ಸಂಘದ ಹೆಸರು, 'ಆತ್ಮೀಯ ಸದಸ್ಯರೇ' ಎಲ್ಲ ಮೇಲೆ ಇಟ್ಟರೆ ಆ ಜಾಗ ಅದಕ್ಕೇ ಹೋಗುತ್ತದೆ. ಸಂಘದ ಹೆಸರು ಕೊನೆಯಲ್ಲಿ ಬಂದರೆ ಸಾಕು.

ಮಂಗಳವಾರ ಮಧ್ಯಾಹ್ನ ಗ್ರೂಪಿಗೆ ಹೋದದ್ದು ಇದು:

"ವಿಷಯ: ಮೈಲುತುತ್ತು ಸಬ್ಸಿಡಿಗೆ ಅರ್ಜಿ, ಕೊನೆಯ ದಿನ ಮೇ 16, ಶುಕ್ರವಾರ ಮಧ್ಯಾಹ್ನ 3 ಗಂಟೆ

ಸುತ್ತೋಲೆ 7/2025. ಹೊರಡಿಸಿದ ದಿನ: 13-05-2025, ಮಂಗಳವಾರ

ಯಾರಿಗೆ: ನಮ್ಮ ಪಂಚಾಯತಿನಲ್ಲಿ ಅಡಿಕೆ ತೋಟ ಇದ್ದು ಸಬ್ಸಿಡಿ ಬೇಕಾದವರಿಗೆ. ಕಳೆದ ವರ್ಷ ಅರ್ಜಿ ಕೊಟ್ಟವರೂ ಪುನಃ ಕೊಡಬೇಕು. ತೋಟ ಬೇರೆ ಪಂಚಾಯತಿನಲ್ಲಿ ಇದ್ದವರು ಅಲ್ಲಿನ ಕೃಷಿ ಭವನದಲ್ಲಿ ಕೊಡಬೇಕು.

ಏನು ಮಾಡಬೇಕು:
1. ಅರ್ಜಿ ಕೊಡುವ ಮೊದಲು ಮೈಲುತುತ್ತು ಖರೀದಿಸಬೇಡಿ. ಅರ್ಜಿ ಕೊಟ್ಟ ನಂತರದ ಬಿಲ್ಲಿಗೆ ಮಾತ್ರ ಸಬ್ಸಿಡಿ.
2. ಕೃಷಿ ಭವನಕ್ಕೆ ನೀವೇ ಹೋಗಿ ಅರ್ಜಿ ಕೊಡಿ. ಆಧಾರ್, ಬ್ಯಾಂಕ್ ಪಾಸ್ ಬುಕ್ಕಿನ ಹೆಸರು ಮತ್ತು ಖಾತೆ ನಂಬರ್ ಇರುವ ಪುಟ, ಈ ವರ್ಷದ ತೀರ್ವೆ ರಶೀದಿ, ಇವುಗಳ ಒಂದೊಂದು ಜೆರಾಕ್ಸ್ ಕೊಡಿ. ಅಸಲು ಕೈಯಲ್ಲಿರಲಿ.
3. ತೀರ್ವೆ ರಶೀದಿ ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೆ ಮೇ 15, ಗುರುವಾರದೊಳಗೆ ಕೃಷಿ ಭವನದಲ್ಲಿ ಕೇಳಿ.
4. ದಾಖಲೆಗಳ ಫೋಟೋ ಈ ಗ್ರೂಪಿಗೆ ಹಾಕಬೇಡಿ.

ಸಬ್ಸಿಡಿ ಮೊತ್ತ ಇನ್ನೂ ತಿಳಿಸಿಲ್ಲ. ತಿಳಿದಾಗ ಬೇರೆ ಸುತ್ತೋಲೆ ಬರುತ್ತದೆ."

ಕೆಳಗೆ ಸಂಘದ ಹೆಸರು, ನನ್ನ ಹೆಸರು, ಫೋನ್ ನಂಬರ್. ವಿಷಯ, ಯಾರಿಗೆ, ಏನು ಮಾಡಬೇಕು ಈ ಮಾತುಗಳು ದಪ್ಪ ಕಾಣಲು ಎರಡು ಬದಿಗೆ ನಕ್ಷತ್ರದ ಗುರುತು ಹಾಕುತ್ತೇನೆ, `*ವಿಷಯ:*` ಹೀಗೆ. ಬೇರೆ ಅಲಂಕಾರ, ಹೂವು, ಬಣ್ಣದ ಗುರುತು ಹಾಕುವುದಿಲ್ಲ. ಬೋರ್ಡಿಗೆ ಹಾಕಲು ಇದನ್ನೇ ಪ್ರಿಂಟ್ ತೆಗೆಯಬೇಕಲ್ಲ, ಅಲ್ಲಿ ಅವೆಲ್ಲ ಕಪ್ಪು ಚುಕ್ಕೆಗಳಾಗಿ ಬರುತ್ತವೆ.

ಕೆಲಸಗಳ ಕ್ರಮದಲ್ಲಿ 'ಖರೀದಿಸಬೇಡಿ' ಎಂಬುದು ಮೊದಲು ಬಂದಿದೆ. ಮಾಡುವ ಕೆಲಸ ಮೊದಲು, ಮಾಡಬಾರದ್ದು ಆಮೇಲೆ ಬರಬೇಕಲ್ವಾ ಅಂತ ಕೇಳಬಹುದು. ಮಾಮೂಲಾಗಿ ಹೌದು. ಆದರೆ ಇಲ್ಲಿ ಓದುವವನು ಇವತ್ತು ಸಂಜೆಯೇ ಅಂಗಡಿಗೆ ಹೋಗಬಹುದು, ಕೃಷಿ ಭವನಕ್ಕೆ ಹೋಗುವುದು ನಾಳೆ. ಯಾವುದು ಮೊದಲು ನಡೆಯುತ್ತದೋ ಆ ಕ್ರಮದಲ್ಲಿ ಬರೆದಿದ್ದೇನೆ.

ಹಾಕುವ ಮೊದಲು ಒಂದು ಪರೀಕ್ಷೆ ಮಾಡಿದೆ. ಪಕ್ಕದ ಮನೆಯ ಅಕ್ಕ ಗ್ರೂಪಿನಲ್ಲಿ ಇಲ್ಲ, ಮೂಲ ಸಂದೇಶ ಅವರು ನೋಡಿಲ್ಲ. ಅವರಿಗೆ ಬರೆದದ್ದನ್ನು ಒಂದು ಸಲ ಓದಿಸಿ, ಹಾಳೆಯನ್ನು ಮಡಚಿಟ್ಟು ಕೇಳಿದೆ: "ಅಕ್ಕ, ಈಗ ನೀವು ಹೋಗುವುದಾದರೆ ಎಲ್ಲಿಗೆ ಹೋಗುತ್ತೀರಿ, ಯಾವಾಗ, ಕೈಯಲ್ಲಿ ಏನು ಹಿಡಿದುಕೊಂಡು?" ಎಲ್ಲಿಗೆ, ಯಾವಾಗ ಎರಡನ್ನೂ ಸರಿಯಾಗಿ ಹೇಳಿದರು. ಪಾಸ್ ಬುಕ್ಕಿನ ವಿಷಯಕ್ಕೆ ಬಂದಾಗ, "ಪಾಸ್ ಬುಕ್ ಜೆರಾಕ್ಸ್ ಅಂದರೆ ಹಣ ಇದ್ದ ಪುಟವಾ?" ಅಂದರು. ಆಗ 'ಹೆಸರು ಮತ್ತು ಖಾತೆ ನಂಬರ್ ಇರುವ ಪುಟ' ಅಂತ ಸೇರಿಸಿದೆ. ಅರ್ಥ ಆಯಿತಾ ಅಂತ ಕೇಳಿದರೆ ಎಲ್ಲರೂ ಆಯಿತು ಅನ್ನುತ್ತಾರೆ. ಏನು ಮಾಡುತ್ತೀರಿ ಅಂತ ಕೇಳಿದರೆ ಮಾತ್ರ ಎಲ್ಲಿ ತಡೆಯುತ್ತದೆ ಅಂತ ಗೊತ್ತಾಗುವುದು. ಮೂಲ ಸಂದೇಶವನ್ನು ಓದಿದವರಲ್ಲಿ ಈ ಪರೀಕ್ಷೆ ಮಾಡಿ ಪ್ರಯೋಜನ ಇಲ್ಲ. ಅವರು ಬಿಟ್ಟುಹೋದದ್ದನ್ನು ತಾವೇ ತುಂಬಿಸಿಕೊಂಡು ಓದುತ್ತಾರೆ.

ಗ್ರೂಪಿಗೆ ಹಾಕುವಾಗ ಅಕ್ಷರದಲ್ಲೇ ಹಾಕುತ್ತೇನೆ, ಫೋಟೋ ಮಾಡಿ ಹಾಕುವುದಿಲ್ಲ. ಆಮೇಲೆ ಯಾರಾದರೂ 'ಮೈಲುತುತ್ತು' ಅಂತ ಹುಡುಕಿದರೆ ಅಕ್ಷರದಲ್ಲಿದ್ದದ್ದು ಸಿಗುತ್ತದೆ, ಫೋಟೋದೊಳಗಿನ ಬರಹ ಹಾಗೆ ಸಿಗುವುದಿಲ್ಲ. ಹಾಕಿದ ಮೇಲೆ ಅದನ್ನು ಗ್ರೂಪಿನ ಮೇಲ್ಗಡೆ ಪಿನ್ ಮಾಡುತ್ತೇನೆ. ಒಂದು ದಿನಕ್ಕೆ, ಏಳು ದಿನಕ್ಕೆ ಅಥವಾ ಮೂವತ್ತು ದಿನಕ್ಕೆ ಅಂತ ಕೇಳುತ್ತದೆ. ಕೊನೆಯ ದಿನ ಶುಕ್ರವಾರ ಆದ್ದರಿಂದ ಏಳು ಅಂತ ಕೊಟ್ಟು, ಶುಕ್ರವಾರ ಸಂಜೆ ನಾನೇ ತೆಗೆದೆ. ಮುಗಿದ ಸುತ್ತೋಲೆ ಮೇಲೆ ಕೂತಿದ್ದರೆ ಹೊಸದನ್ನು ಯಾರೂ ನೋಡುವುದಿಲ್ಲ.

ಪ್ರಾತ್ಯಕ್ಷಿಕೆಯ ಸುತ್ತೋಲೆಯನ್ನು ಮರುದಿನ ಬುಧವಾರ ಹಾಕಿದೆ, 8ನೇ ನಂಬರ್. ಅದರಲ್ಲಿ 'ಏನು ಮಾಡಬೇಕು' ಎಂಬಲ್ಲಿ ಬರಲೇಬೇಕಾದ್ದಲ್ಲ ಅಂತ ಸ್ಪಷ್ಟವಾಗಿ ಬರೆದೆ. ಸಬ್ಸಿಡಿಯ ಜೊತೆಜೊತೆಗೆ ಬಂದದ್ದರಿಂದ ಪ್ರಾತ್ಯಕ್ಷಿಕೆಗೆ ಹೋಗದಿದ್ದರೆ ಸಬ್ಸಿಡಿ ಇಲ್ಲ ಅಂತ ಕೆಲವರಲ್ಲಿ ಮಾತು ಹುಟ್ಟಿತ್ತು. ಮಣ್ಣು ಪರೀಕ್ಷೆಯದ್ದನ್ನು ಬೇಕೆಂದೇ ಮುಂದಿನ ವಾರಕ್ಕೆ ಇಟ್ಟೆ. ಮೂರನ್ನೂ ಒಂದೇ ದಿನ ಹಾಕಿದ್ದರೆ ಒಡೆದದ್ದರ ಪ್ರಯೋಜನ ಇರುತ್ತಿರಲಿಲ್ಲ.

ಎಲ್ಲ ಉದ್ದ ಸಂದೇಶವನ್ನೂ ಹೀಗೆ ಮಾಡಲು ಆಗುವುದಿಲ್ಲ. ತಾರೀಖು ನಿಶ್ಚಯ ಆಗದೆ, 'ಮುಂದಿನ ತಿಂಗಳು ಒಂದು ಸಭೆ ಮಾಡುವ ಅಂದಾಜಿದೆ' ಎಂಬಂಥದ್ದನ್ನು ನಾನು ಸುತ್ತೋಲೆ ಮಾಡುವುದಿಲ್ಲ, ಗ್ರೂಪಿನ ಮಾತಾಗಿಯೇ ಇರಲಿ. ಸುತ್ತೋಲೆಯ ರೂಪಕ್ಕೆ ಬಂದ ಕೂಡಲೇ ಅದು ನಿಶ್ಚಯ ಆದ ಹಾಗೆ ಕಾಣುತ್ತದೆ. ಯಾರಾದರೂ ತೀರಿಕೊಂಡ ಸುದ್ದಿಯನ್ನೂ ಈ ನಾಲ್ಕು ಭಾಗಕ್ಕೆ ಹಾಕಬಾರದು. ಅಲ್ಲಿ ಜನಕ್ಕೆ ಬೇಕಾದ್ದು ಬೇರೆ.

ಇನ್ನು ಬದಲಾವಣೆ ಬಂದರೆ ಏನು ಮಾಡುವುದು? ಇಲ್ಲೂ ಬಂತು. ಗುರುವಾರ ಜೋರು ಮಳೆ ಬಂತು, ಪ್ರಾತ್ಯಕ್ಷಿಕೆಯನ್ನು ಶನಿವಾರದಿಂದ ಸೋಮವಾರಕ್ಕೆ ಹಾಕಿದರು. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ತಿದ್ದಲು ಹದಿನೈದು ನಿಮಿಷ ಮಾತ್ರ ಸಮಯ, ಅದು ಯಾವಾಗಲೋ ಮುಗಿದಿತ್ತು. ತಿದ್ದಲು ಆಗಿದ್ದರೂ ನಾನು ತಿದ್ದುತ್ತಿರಲಿಲ್ಲ. ಒಮ್ಮೆ ಓದಿದವರು ಪುನಃ ಅದನ್ನು ತೆರೆದು ನೋಡುವುದಿಲ್ಲ. ಬೇರೆ ಗ್ರೂಪಿಗೆ ಹೋದದ್ದು, ಸೊಸೈಟಿಯ ಬೋರ್ಡಿನಲ್ಲಿ ಇದ್ದದ್ದು ಹಾಗೆಯೇ ಉಳಿಯುತ್ತದೆ. ಹಳೆಯದರ ಕೆಳಗೆ 'ಸೋಮವಾರಕ್ಕೆ ಆಗಿದೆ' ಅಂತ ಒಂದು ಸಾಲು ಹಾಕಿದರೂ ಸಾಲದು, ಮೇಲೆ ಹತ್ತು ಮಾತು ಬಂದರೆ ಅದು ಮುಳುಗಿಹೋಗುತ್ತದೆ. ಹೊಸ ನಂಬರಿನ ಪೂರ್ತಿ ಸುತ್ತೋಲೆಯೇ ಬೇಕು. ನಂಬರ್ ಹಾಕುವುದು ಇದಕ್ಕೇ. ಎರಡು ಕಾಗದ ಕೈಗೆ ಬಂದವನಿಗೆ ಯಾವುದು ಹೊಸದು ಅಂತ ಗೊತ್ತಾಗಬೇಕು. ಹಳೆಯ ತಾರೀಖು, ಹೊಸ ತಾರೀಖು ಎರಡನ್ನೂ ಬರೆಯುತ್ತೇನೆ. ಹೊಸದು ಮಾತ್ರ ಇದ್ದರೆ ಶನಿವಾರ ಒಂದು, ಸೋಮವಾರ ಇನ್ನೊಂದು ಅಂತ ಜನ ತಿಳಿಯುತ್ತಾರೆ.

"ವಿಷಯ: ಬೋರ್ಡೋ ಪ್ರಾತ್ಯಕ್ಷಿಕೆ ಮೇ 17, ಶನಿವಾರ ಇಲ್ಲ. ಮೇ 19, ಸೋಮವಾರ ಬೆಳಿಗ್ಗೆ 10 ಗಂಟೆಗೆ

ಸುತ್ತೋಲೆ 9/2025. ಹೊರಡಿಸಿದ ದಿನ: 15-05-2025, ಗುರುವಾರ. ಸುತ್ತೋಲೆ 8ರ ಬದಲಿಗೆ ಇದು.

ಯಾರಿಗೆ: ಪ್ರಾತ್ಯಕ್ಷಿಕೆ ನೋಡಲು ಬರುವವರಿಗೆ.

ಏನು ಮಾಡಬೇಕು: ಸೋಮವಾರ ಸಂಘದ ಹಿಂದಿನ ತೋಟಕ್ಕೆ ಬನ್ನಿ. ಸುತ್ತೋಲೆ 8ನ್ನು ಬೇರೆಯವರಿಗೆ ಕಳಿಸಿದ್ದರೆ ಅವರಿಗೆ ಇದನ್ನೂ ಕಳಿಸಿ. ಮೈಲುತುತ್ತು ಅರ್ಜಿಯ ಕೊನೆಯ ದಿನ ಬದಲಾಗಿಲ್ಲ, ಅದು ಮೇ 16, ಶುಕ್ರವಾರವೇ."

ಈ ಕೊನೆಯ ವಾಕ್ಯವನ್ನು ಸೇರಿಸಲೇಬೇಕಿತ್ತು. ಒಂದು ತಾರೀಖು ಮುಂದೆ ಹೋಯಿತು ಅಂದರೆ ಜೊತೆಗಿದ್ದ ಇನ್ನೊಂದೂ ಹೋಯಿತು ಅಂತ ತಿಳಿಯುವವರು ಇರುತ್ತಾರೆ. ಆ ಸಂಜೆ ಸೊಸೈಟಿಯ ಬೋರ್ಡಿನಿಂದ 8ನ್ನು ತೆಗೆದು 9ನ್ನು ಅಂಟಿಸಿ, 7ನ್ನು ಅದರ ಪಕ್ಕದಲ್ಲೇ ಇಟ್ಟೆ.